ಗುಡ್ ಮಾರ್ನಿಂಗ್ ರಾಶಿಯೊಳಗೆ ನೀರಿನ ಪಾಳಿ: ಮ್ಯೂಟಾ, ಆರ್ಕೈವಾ, ಪಿನ್ನಾ?

ನಾವು ಗಂಗಾವತಿ ಕಡೆಯವರು, ತುಂಗಭದ್ರಾ ಎಡದಂಡೆ ನೀರಿಗೆ ಭತ್ತ ಹಾಕುವವರು. ನಮ್ಮ ಕಾಲುವೆಯ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ರಾಜಕೀಯ, ರಾತ್ರಿ ಹಳೇ ವಿಡಿಯೊ. ಇದರ ನಡುವೆ ಎಲ್ಲೋ ಒಂದು ಸಾಲು: ‘ನಾಳೆ ಬೆಳಿಗ್ಗೆಯಿಂದ ಮೇಲಿನವರ ಪಾಳಿ, ಕೆಳಗಿನವರು ಇವತ್ತೇ ಕಟ್ಟಿಕೊಳ್ಳಿ.’ ನನಗೆ ಬೇಕಾದ್ದು ಅದೊಂದೇ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗಂತೂ ಫಾರ್ವರ್ಡ್‌ಗಳ ಹೊಳೆಯೇ ಹರಿಯಿತು.

ಮೊದಲು ಆರ್ಕೈವ್ ಮಾಡಿ ನೋಡಿದೆ. ಸದ್ದೂ ಇಲ್ಲ, ಗ್ರೂಪ್ ಪಟ್ಟಿಯಲ್ಲೂ ಕಾಣಲ್ಲ. ಯಾರಾದರೂ ನಮ್ಮ ಹೆಸರಿಗೆ @ ಹಾಕಿದರೆ ಅಥವಾ ನಮ್ಮ ಮೆಸೇಜಿಗೆ ಉತ್ತರ ಕೊಟ್ಟರೆ ಮಾತ್ರ ಗೊತ್ತಾಗುತ್ತದೆ. ಆದರೆ ಪಾಳಿ ಹೇಳುವವರು ಯಾರ ಹೆಸರೂ ಹಾಕಲ್ಲ, ಊರಿಗೆಲ್ಲ ಒಂದೇ ಮೆಸೇಜ್. ಹಾಗಾಗಿ ಮದುವೆ ಗ್ರೂಪು, ಹಳೇ ಗೆಳೆಯರ ಗ್ರೂಪುಗಳಿಗೆ ಆರ್ಕೈವ್ ಚೆನ್ನ, ಕಾಲುವೆ ಗ್ರೂಪಿಗೆ ಬೇಡ.

ಬರೀ ಮ್ಯೂಟ್ ಅದಕ್ಕಿಂತ ಮೇಲು. 8 ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಇವೆ. ವಾರದ್ದು ಮುಗಿದ ಕೂಡಲೇ ಮತ್ತೆ ಟಿಂಗ್ ಟಿಂಗ್, ಅದಕ್ಕೇ ‘ಯಾವಾಗಲೂ’ ವಾಸಿ. ತೊಂದರೆ ಏನಂದ್ರೆ, ಸದ್ದಿಲ್ಲದ ಗ್ರೂಪ್ ಬೇರೆ ಚಾಟ್‌ಗಳ ಕೆಳಗೆ ಜಾರಿಹೋಗುತ್ತದೆ, ನಾವೂ ಮರೆಯುತ್ತೇವೆ.

ನನಗೆ ಒಗ್ಗಿದ್ದು ಮ್ಯೂಟ್ ಜೊತೆ ಪಿನ್. ಸದ್ದು ಬಂದ್, ಗ್ರೂಪ್ ಮಾತ್ರ ತಲೆಮೇಲೆ. ಮೇಲೆ ಹಿಡಿಸೋದು ಮೂರೇ ಚಾಟ್, ಹಾಗಾಗಿ ಆರಿಸಬೇಕು. ನಾನು ಕಾಲುವೆ, ಮಕ್ಕಳ ಶಾಲೆ, ಮನೆಯವರು ಈ ಮೂರನ್ನು ಇಟ್ಟಿದ್ದೇನೆ. ಬೆಳಿಗ್ಗೆ ಚಹಾ ಹೊತ್ತಿಗೆ, ಸಂಜೆ ಗದ್ದೆಯಿಂದ ಬಂದ ಮೇಲೆ ತೆರೆದು ನೋಡುವುದು.

ಎಲ್ಲವನ್ನೂ ಓದಲ್ಲ, ಗ್ರೂಪ್ ಒಳಗೆ ಹುಡುಕುತ್ತೇನೆ. ಆದರೆ ‘ನೀರು’ ಅಂತ ಒಂದೇ ಸಲ ಹುಡುಕಿದರೆ ಸಾಲದು. ಅರ್ಧ ಜನ ಇಂಗ್ಲಿಷ್ ಅಕ್ಷರದಲ್ಲಿ neeru ಅಂತಲೋ niru ಅಂತಲೋ ಬರೆಯುತ್ತಾರೆ, ಮೂರನ್ನೂ ಬೇರೆ ಬೇರೆಯಾಗಿ ಕೊಟ್ಟು ನೋಡಬೇಕು. ದಿನ ನೆನಪಿದ್ದರೆ ಇನ್ನೂ ಸುಲಭ, ಹುಡುಕುವ ಜಾಗದ ಕ್ಯಾಲೆಂಡರ್ ಒತ್ತಿದರೆ ಆ ದಿನಕ್ಕೇ ಹೋಗುತ್ತದೆ. ನೋಟಿಸಿನ ಫೋಟೊ ಮತ್ತು ವಾಯ್ಸ್ ಮೆಸೇಜ್ ಮಾತ್ರ ಹೀಗೆ ಸಿಗಲ್ಲ. ನಮ್ಮಲ್ಲಿ ಹಿರಿಯರೆಲ್ಲ ಮಾತಾಡಿಯೇ ಕಳಿಸೋರು, ಅಲ್ವಾ?

ಅದಕ್ಕೆ ಗ್ರೂಪ್ ಅಡ್ಮಿನ್‌ಗೆ, ‘ಕಾಕಾ, ಪಾಳಿ ಮೆಸೇಜನ್ನು ಟೈಪ್ ಮಾಡಿ ಗ್ರೂಪಿನ ಒಳಗೇ ಪಿನ್ ಮಾಡ್ರಿ’ ಅಂದೆ. 24 ಗಂಟೆ, 7 ದಿನ, 30 ದಿನ ಅಂತ ಕೇಳುತ್ತದೆ, ನಮಗೆ 7 ದಿನ ಸರಿ. 30 ಇಟ್ಟರೆ ಹೋದ ಪಾಳಿಯೇ ಮೇಲೆ ಕೂತು ಹೊಸಬರಿಗೆ ಗೊಂದಲ. ಕಾಕಾ ಈಗ ಪಿನ್ ಮಾಡುತ್ತಾರೆ, ಹೂವಿನ ಚಿತ್ರ ಹಾಕೋದನ್ನೂ ಬಿಟ್ಟಿಲ್ಲ.