ದಾನಪತ್ರಕ್ಕೆ ಸಹಿ ಹಾಕುವ ಮೊದಲು ಆ ಒಂದು ಸಾಲು ಇದೆಯೇ ನೋಡಿ

"ಮಗ ನೋಡಿಕೊಳ್ಳದಿದ್ದರೆ ಎಸಿ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಸಾಕು, ದಾನಪತ್ರ ತಾನಾಗಿಯೇ ರದ್ದಾಗುತ್ತದೆ." ಈ ಮಾತು ಮದುವೆಮನೆಯ ಪಂಕ್ತಿಯಿಂದ ವಾಟ್ಸ್ಆ್ಯಪ್ ಗುಂಪಿನವರೆಗೆ ಎಲ್ಲ ಕಡೆ ಓಡಾಡುತ್ತಿದೆ. ಇದನ್ನೇ ನಂಬಿ ನನ್ನ ಸೋದರತ್ತೆ ಅರ್ಜಿ ಹಾಕಿದರು. ಮನೆ ವಾಪಸ್ ಕೊಡಿಸಿ ಎಂಬ ಅವರ ಕೋರಿಕೆ ವಜಾ ಆಯಿತು. ಮನೆ ಇಂದಿಗೂ ಮಗನ ಹೆಸರಿನಲ್ಲೇ ಇದೆ. ಮಗ ನೋಡಿಕೊಂಡನೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ಅತ್ತೆ ಸೋಲಲಿಲ್ಲ. ದಾನಪತ್ರದಲ್ಲಿ ಇರಬೇಕಾಗಿದ್ದ ಒಂದು ಸಾಲು ಇಲ್ಲದ್ದಕ್ಕೆ ಸೋತರು.

ಮಾವ ತೀರಿಕೊಂಡ ಮೇಲೆ ಅತ್ತೆ ತಮ್ಮ ಹೆಸರಿನಲ್ಲಿದ್ದ ಮನೆಯನ್ನು ಒಬ್ಬನೇ ಮಗನಿಗೆ ದಾನವಾಗಿ ಬರೆದುಕೊಟ್ಟರು. ನೋಂದಣಿ ಕಚೇರಿಯ ಎದುರಿನ ಅಂಗಡಿಯಲ್ಲಿ ಪತ್ರ ಬರಹಗಾರರು ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಮಾದರಿಗೆ ಹೆಸರು, ಚಕ್ಕುಬಂದಿ ತುಂಬಿಸಿ ಮುದ್ರಿಸಿಕೊಟ್ಟಿದ್ದರು. ಅದರ ಎರಡನೇ ಪುಟದಲ್ಲಿ ಹೀಗಿದೆ: "ನಿನ್ನ ಮೇಲಿನ ಪ್ರೀತಿ ವಾತ್ಸಲ್ಯಗಳಿಂದ, ಯಾರ ಒತ್ತಾಯವೂ ಇಲ್ಲದೆ, ಯಾವ ಷರತ್ತಿಗೂ ಒಳಪಡಿಸದೆ ಈ ಸ್ವತ್ತನ್ನು ದಾನವಾಗಿ ಕೊಟ್ಟಿರುತ್ತೇನೆ." ಓದುವುದಕ್ಕೆ ಎಷ್ಟು ಸೊಗಸು! ಮುಂದೆ ಅತ್ತೆಯ ಕೈ ಕಟ್ಟಿಹಾಕಿದ್ದು ಇದೇ ವಾಕ್ಯ.

ಖಾತೆ ಬದಲಾದ ಮೇಲೆ ಅತ್ತೆಯ ಹಾಸಿಗೆ ಹಿಂಬದಿಯ ಸಾಮಾನು ಕೋಣೆಗೆ ಹೋಯಿತು. ಸಕ್ಕರೆ ಕಾಯಿಲೆಯ ಮಾತ್ರೆಯ ಖರ್ಚು ಅವರ ವಿಧವಾ ವೇತನದ ಮೇಲೆ ಬಿತ್ತು. ಮಗ ಸೊಸೆ ಊರಿಗೆ ಹೊರಟಾಗ ಅಡುಗೆಮನೆಗೆ ಬೀಗ ಬೀಳತೊಡಗಿತು, ಆ ದಿನಗಳಲ್ಲಿ ಪಕ್ಕದ ಮನೆಯವರು ತಟ್ಟೆ ಕೊಟ್ಟು ಊಟ ಹಾಕಿದರು. ಇವೆಲ್ಲ ಅರ್ಜಿಯಲ್ಲಿದ್ದವು. ಔಷಧಿ ಅಂಗಡಿಯ ರಸೀದಿ, ಪಾಸ್‌ಬುಕ್, ಪಕ್ಕದ ಮನೆಯವರ ಪ್ರಮಾಣಪತ್ರ ಎಲ್ಲವನ್ನೂ ಲಗತ್ತಿಸಿದ್ದೆವು. ಇಂಥ ಅರ್ಜಿಗಳನ್ನು ವಿಚಾರಿಸುವ, ಎಸಿ ಅಂದರೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ಇವುಗಳನ್ನು ನಂಬಿತು ಕೂಡ.

ಹಾಗಿದ್ದರೂ ಮನೆ ಏಕೆ ಬರಲಿಲ್ಲ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮು ಹೇಳುವುದನ್ನು ಸರಳವಾಗಿ ಬಿಡಿಸಿದರೆ ಹೀಗೆ. ಹಿರಿಯರು ಆಸ್ತಿಯನ್ನು ಕೊಡುವಾಗ "ಪಡೆಯುವವನು ನನ್ನ ಮೂಲಭೂತ ಅಗತ್ಯಗಳನ್ನು ಪೂರೈಸಬೇಕು" ಎಂಬ ಷರತ್ತಿನ ಮೇಲೆ ಕೊಟ್ಟಿರಬೇಕು, ಪಡೆದವನು ಆ ಷರತ್ತಿಗೆ ತಪ್ಪಿರಬೇಕು. ಈ ಎರಡೂ ಇದ್ದರೆ ಆ ವರ್ಗಾವಣೆಯನ್ನು ಮೋಸ ಅಥವಾ ಒತ್ತಡದಿಂದ ಆದದ್ದೆಂದು ಭಾವಿಸಿ, ಹಿರಿಯರು ಬಯಸಿದರೆ ಅನೂರ್ಜಿತವೆಂದು ಘೋಷಿಸಬಹುದು. ತಪ್ಪಿದ್ದನ್ನು ನಾವು ತೋರಿಸಿದೆವು. ಷರತ್ತನ್ನು ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ, ಪತ್ರವೇ "ಯಾವ ಷರತ್ತಿಗೂ ಒಳಪಡಿಸದೆ" ಎಂದು ಸಾರುತ್ತಿತ್ತು.

ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಇದನ್ನೇ ಖಚಿತವಾಗಿ ಹೇಳಿದೆ. ಅಲ್ಲಿ ತಾಯಿಯೊಬ್ಬರು ಮಕ್ಕಳಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದರು. ಪತ್ರದಲ್ಲಿ ಷರತ್ತು ಇಲ್ಲದ್ದು ಒಂದು ಕಡೆ, ಷರತ್ತಿನ ಮೇಲೆ ಕೊಟ್ಟೆ ಎಂದು ಅರ್ಜಿಯಲ್ಲಿಯೂ ಹೇಳಿಕೊಂಡಿರಲಿಲ್ಲ. ನ್ಯಾಯಮಂಡಳಿ ಮಾಡಿದ್ದ ರದ್ದತಿ ನಿಲ್ಲಲಿಲ್ಲ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ತಾಯಿಯ ದಾನಪತ್ರವನ್ನು ರದ್ದುಗೊಳಿಸಿ ಸ್ವಾಧೀನವನ್ನೂ ಕೊಡಿಸಿತು. "ನೋಡಿ, ಈಗ ಕಾನೂನು ಬದಲಾಗಿದೆ" ಎಂದು ನಮಗೆ ಆಸೆ ಹುಟ್ಟಿಸಿದವರು ಈ ತೀರ್ಪನ್ನು ಪೂರ್ತಿ ಓದಿರಲಿಲ್ಲ. ಅಲ್ಲಿ ಮಗ ತಾಯಿಯನ್ನು ನೋಡಿಕೊಳ್ಳುವುದಾಗಿ ಬರೆದುಕೊಟ್ಟ ವಚನಪತ್ರ ಇತ್ತು. ಹಿರಿಯರ ಪರವಾಗಿ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದು ನ್ಯಾಯಾಲಯ ಹೇಳಿದ್ದು ನಿಜ, ಆದರೆ ಓದಲು ಒಂದು ಕಾಗದವಂತೂ ಅಲ್ಲಿತ್ತು.

ಎಸಿ ಕಚೇರಿಯ ಮೊಗಸಾಲೆಯಲ್ಲಿ ನಮ್ಮ ಪಕ್ಕದಲ್ಲೇ ಕಾಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರ ಪತ್ರವನ್ನು ನೋಡಿದಾಗ ನನಗೆ ವ್ಯತ್ಯಾಸ ತಿಳಿಯಿತು. ಅದರಲ್ಲಿ ಪ್ರೀತಿ ವಾತ್ಸಲ್ಯದ ಸಾಲುಗಳ ನಂತರ ಇನ್ನೊಂದು ಸಾಲು ಇತ್ತು. ಹೆಚ್ಚು ಕಡಿಮೆ ಹೀಗೆ: "ದಾನ ಪಡೆದವರು ದಾನಿಯ ಜೀವಿತಾವಧಿಯವರೆಗೆ ಅವರಿಗೆ ಊಟ, ಬಟ್ಟೆ, ಇದೇ ಮನೆಯಲ್ಲಿ ವಾಸ ಮತ್ತು ಔಷಧೋಪಚಾರವನ್ನು ಒದಗಿಸತಕ್ಕದ್ದು. ಈ ಷರತ್ತಿಗೆ ಒಳಪಟ್ಟೇ ಈ ದಾನವನ್ನು ಮಾಡಿರುತ್ತೇನೆ. ತಪ್ಪಿದಲ್ಲಿ ದಾನವನ್ನು ರದ್ದುಪಡಿಸಿಕೊಳ್ಳಲು ದಾನಿಗೆ ಹಕ್ಕಿರುತ್ತದೆ." ಮೇಷ್ಟ್ರ ದಾನಪತ್ರ ರದ್ದಾಯಿತು. ಆದೇಶದ ಪ್ರತಿಯನ್ನು ಅವರು ಉಪನೋಂದಣಾಧಿಕಾರಿ ಕಚೇರಿಗೆ ಕೊಟ್ಟು, ಋಣಭಾರ ಪತ್ರದಲ್ಲಿ ರದ್ದತಿ ಕಾಣಿಸುವವರೆಗೂ ಬಿಡದೆ ಓಡಾಡಿದರು. ಖಾತೆಯ ಬದಲಾವಣೆಗೆ ಬೇರೆ ಅರ್ಜಿ ಕೊಡಬೇಕಾಯಿತು.

ಆದ್ದರಿಂದ ಯಾರಾದರೂ ನಿಮ್ಮ ತಂದೆ ತಾಯಿಯಿಂದ ದಾನಪತ್ರ ಬರೆಸುತ್ತಿದ್ದರೆ ಕರಡನ್ನು ಮೊದಲೇ ಮನೆಗೆ ತರಿಸಿಕೊಂಡು ಓದಿ. "ಯಾವ ಷರತ್ತೂ ಇಲ್ಲದೆ" ಎಂಬ ಮಾತು ಹೋಗಬೇಕು, ಪೋಷಣೆಯ ಷರತ್ತು ಬರಬೇಕು. ಇದನ್ನು ಸೇರಿಸಲು ಮಗ ಒಪ್ಪದಿದ್ದರೆ ಅವನ ಮನಸ್ಸು ಅಂದೇ ತಿಳಿದಂತಾಯಿತು. ನನ್ನನ್ನು ಕೇಳಿದರೆ, ತೆರಿಗೆಯೋ ಸಾಲವೋ ಅಂಥ ಅವಸರವಿಲ್ಲದಿದ್ದರೆ ದಾನಪತ್ರದ ಬದಲು ಉಯಿಲು ಬರೆಯುವುದೇ ಲೇಸು. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಾಯಿಸಬಹುದು, ಮನೆಯೂ ಅಲ್ಲಿಯವರೆಗೆ ಬರೆದವರದ್ದೇ.

ಇನ್ನೊಂದು ಬಲೆಯ ಬಗ್ಗೆ ಹೇಳಲೇಬೇಕು. ಅರ್ಜಿ ವಜಾ ಆದ ಮೇಲೆ ಒಬ್ಬ ಮಧ್ಯವರ್ತಿ ಬಂದು, ಅತ್ತೆಯೊಬ್ಬರ ಸಹಿಯಿಂದಲೇ "ದಾನಪತ್ರ ರದ್ದತಿ ಪತ್ರ" ನೋಂದಾಯಿಸಿಕೊಡುತ್ತೇನೆ ಎಂದು ಮುಂಗಡ ಕೇಳಿದ. ನಾವು ಕೊಡಲಿಲ್ಲ. ಪಡೆದವನು ಒಪ್ಪಿಕೊಂಡು ನೋಂದಣಿಯಾದ ದಾನವನ್ನು ಕೊಟ್ಟವರು ತಮ್ಮಿಷ್ಟಕ್ಕೆ ಹಿಂಪಡೆಯುವಂತಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮು ಅದನ್ನು ತಡೆಯುತ್ತದೆ. ಮಗನೂ ಬಂದು ಸಹಿ ಹಾಕಬೇಕು, ಇಲ್ಲವೇ ನ್ಯಾಯಮಂಡಳಿಯೋ ಸಿವಿಲ್ ನ್ಯಾಯಾಲಯವೋ ಹೇಳಬೇಕು. ಸಿವಿಲ್ ದಾವೆಯಲ್ಲಿ ವಂಚನೆ ಅಥವಾ ಅನುಚಿತ ಪ್ರಭಾವವನ್ನು ಸಾಕ್ಷ್ಯದಿಂದ ಸಾಬೀತು ಮಾಡಬೇಕು, ಅದೂ ವಿಷಯ ತಿಳಿದ ಮೂರು ವರ್ಷಗಳೊಳಗೆ ದಾವೆ ಹೂಡಿ.

ಷರತ್ತಿಲ್ಲದ ಪತ್ರಕ್ಕೆ ಈಗಾಗಲೇ ಸಹಿ ಬಿದ್ದಿದ್ದರೆ ಮನೆಯಲ್ಲಿರುವ ಹಳೆಯ ಕಾಗದಗಳನ್ನೆಲ್ಲ ಹುಡುಕಿ. ಅದೇ ಸಮಯದಲ್ಲಿ ಮಗ ಬರೆದುಕೊಟ್ಟ ಒಪ್ಪಿಗೆ, ಪಂಚರ ಮುಂದಿನ ಚೀಟಿ, ಕಳಿಸಿದ ಸಂದೇಶ ಏನಿದ್ದರೂ ಅರ್ಜಿಯಲ್ಲೇ ಬರೆದು ಲಗತ್ತಿಸಿ. ವಿಚಾರಣೆಯ ದಿನ ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಅರ್ಜಿ ವಜಾ ಆದರೆ 60 ದಿನಗಳೊಳಗೆ ಜಿಲ್ಲಾಧಿಕಾರಿಯವರ ಮುಂದೆ ಮೇಲ್ಮನವಿ ಸಲ್ಲಿಸಬಹುದು.

ಅತ್ತೆಗೆ ಸಿಕ್ಕಿದ್ದು ಜೀವನಾಂಶ ಮಾತ್ರ. ಅರ್ಜಿಯಲ್ಲಿ ಅದನ್ನೂ ಬೇರೆಯಾಗಿ ಕೇಳಿದ್ದರಿಂದ ಅಷ್ಟಾದರೂ ಬಂತು. ಈ ಕಾಯ್ದೆಯಡಿ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಕೊಡಿಸಬಹುದು. ಮಗ ಮೊದಮೊದಲು ಕಟ್ಟಿ ಆಮೇಲೆ ನಿಲ್ಲಿಸಿದ. "ಇನ್ನಷ್ಟು ಬಾಕಿ ಬೀಳಲಿ, ಒಟ್ಟಿಗೆ ಕೇಳೋಣ" ಎಂದು ನೆಂಟರು ಸಲಹೆ ಕೊಟ್ಟರು. ಆ ಸಲಹೆಯನ್ನು ಕೇಳಬೇಡಿ. ಹಣ ಬರಬೇಕಾಗಿದ್ದ ದಿನದಿಂದ ಮೂರು ತಿಂಗಳೊಳಗೆ ವಸೂಲಿಗೆ ಅರ್ಜಿ ಕೊಡದಿದ್ದರೆ ಆ ಬಾಕಿಗೆ ವಾರಂಟ್ ಹೊರಡಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ.