ಆರು ಆಡ್ ಸೆಟ್‌ಗಳೋ, ಒಂದೇ ಆಡ್ ಸೆಟ್ಟೋ: ಇಳಕಲ್ ಸೀರೆಯ ಜಾಹೀರಾತಿನಲ್ಲಿ ಎರಡು ರಚನೆಗಳ ಹೋಲಿಕೆ

ಬಾಗಲಕೋಟೆಯ ಒಂದು ಅಂಗಡಿಯ ಇಳಕಲ್ ಸೀರೆ ಹಾಗೂ ಗುಳೇದಗುಡ್ಡದ ಖಣಗಳ ಆನ್‌ಲೈನ್ ಮಾರಾಟಕ್ಕೆ ಮೆಟಾ ಜಾಹೀರಾತುಗಳನ್ನು ನಡೆಸುವಾಗ, ದಿನಕ್ಕೆ 1,200 ರೂಪಾಯಿಗಳ ಒಂದೇ ಬಜೆಟ್ಟನ್ನು ಎರಡು ಬಗೆಯಲ್ಲಿ ಹಂಚಿ ನೋಡಿದೆ. "ಪುಣೆಕ್ಕ ಬ್ಯಾರೆ, ಬೆಂಗಳೂರಿಗೆ ಬ್ಯಾರೆ ಹಾಕ್ರಿ ಸರ, ಲೆಕ್ಕ ಸಿಗತೈತಿ" ಎಂಬುದು ಮಾಲೀಕರ ಅಪೇಕ್ಷೆಯಾಗಿತ್ತು.

ಅದರಂತೆ ಮೊದಲ ರಚನೆಯಲ್ಲಿ ಒಂದು ಕ್ಯಾಂಪೇನ್, ಅದರಡಿ ಆರು ನಗರಗಳಿಗೆ ಆರು ಆಡ್ ಸೆಟ್‌ಗಳು, ಪ್ರತಿಯೊಂದಕ್ಕೂ 200 ರೂಪಾಯಿ. ಕ್ಯಾಂಪೇನ್ ಉದ್ದೇಶವನ್ನು ನಿರ್ಧರಿಸಿದರೆ, ಯಾರಿಗೆ ತೋರಿಸಬೇಕು, ಯಾವ ಫಲಿತಾಂಶಕ್ಕಾಗಿ ತೋರಿಸಬೇಕು ಎಂಬುದನ್ನು ಆಡ್ ಸೆಟ್ ನಿರ್ಧರಿಸುತ್ತದೆ. ಚಿತ್ರ ಮತ್ತು ಬರಹ ಜಾಹೀರಾತಿನ ಮಟ್ಟದಲ್ಲಿರುತ್ತವೆ. ಯಾರಿಗೆ ತೋರಿಸಿದರೆ ಫಲಿತಾಂಶ ಸಿಗುತ್ತದೆ ಎಂಬುದನ್ನು ವ್ಯವಸ್ಥೆ ಕಂಡುಕೊಳ್ಳುವ ಆರಂಭದ ಅವಧಿಯೇ ಕಲಿಕೆಯ ಹಂತ, ಅದರ ಎಣಿಕೆ ನಡೆಯುವುದು ಆಡ್ ಸೆಟ್ಟಿನಲ್ಲಿ. ಒಂದು ವಾರದೊಳಗೆ ಸುಮಾರು 50 ಫಲಿತಾಂಶಗಳು ಬಂದರೆ ಅದು ಸ್ಥಿರವಾಗುತ್ತದೆ. ಅಷ್ಟು ಬರುವ ಲಕ್ಷಣ ಕಾಣದಿದ್ದರೆ ಡೆಲಿವರಿ ಕಾಲಂನಲ್ಲಿ `Learning limited` ಎಂದು ಬೀಳುತ್ತದೆ.

ಒಂದು ಆರ್ಡರಿಗೆ ಸರಾಸರಿ 150 ರೂಪಾಯಿ ಬೀಳುತ್ತದೆ ಎಂದುಕೊಂಡರೆ, 200 ರೂಪಾಯಿಯ ಆಡ್ ಸೆಟ್ಟಿಗೆ ವಾರಕ್ಕೆ ಒಂಬತ್ತು ಆರ್ಡರ್ ಸಿಕ್ಕಾವು. ಆರೂ ಆಡ್ ಸೆಟ್‌ಗಳು `Learning limited` ಸ್ಥಿತಿಯಲ್ಲಿ ಸಿಲುಕಿದವು. ಸೋಮವಾರ ಪುಣೆ ಅಗ್ಗವೆನಿಸಿದರೆ ಗುರುವಾರ ದುಬಾರಿ ಎನಿಸುತ್ತಿತ್ತು. ಮಾಲೀಕರು ಬಯಸಿದ ನಗರವಾರು ಲೆಕ್ಕವೇನೋ ಸಿಕ್ಕಿತು, ಆದರೆ ಅಷ್ಟು ಕಡಿಮೆ ಆರ್ಡರುಗಳ ಮೇಲೆ ಯಾವ ನಗರವನ್ನು ಬಿಡಬೇಕೆಂದು ಹೇಳುವುದು ಸಾಧ್ಯವಿರಲಿಲ್ಲ.

ಎರಡನೆಯ ರಚನೆಯಲ್ಲಿ ಆರೂ ನಗರಗಳನ್ನು ಒಂದೇ ಆಡ್ ಸೆಟ್ಟಿಗೆ ಸೇರಿಸಿ, ಅದರೊಳಗೆ ನಾಲ್ಕು ಜಾಹೀರಾತುಗಳನ್ನು ಇಟ್ಟೆ. 50ನ್ನು 150ರಿಂದ ಗುಣಿಸಿ 7ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 1,070 ರೂಪಾಯಿ ಬೇಕು. ನಮ್ಮ ಬಜೆಟ್ ಅದಕ್ಕಿಂತ ತುಸು ಹೆಚ್ಚಿದ್ದುದರಿಂದ ಆಡ್ ಸೆಟ್ ಕಲಿಕೆಯಿಂದ ಹೊರಬಂದಿತು, ದಿನದಿಂದ ದಿನಕ್ಕೆ ವೆಚ್ಚದ ಏರಿಳಿತವೂ ತಗ್ಗಿತು. ನಗರವಾರು ಅಲ್ಲದಿದ್ದರೂ ರಾಜ್ಯವಾರು ಖರ್ಚನ್ನು ಬೇಕಿದ್ದರೆ ಪ್ರದೇಶದ ವಿಭಜನೆಯ ವರದಿಯಲ್ಲಿಯೇ ನೋಡಬಹುದು.

ಈ ರಚನೆಗೂ ಕೊರತೆಯಿದೆ. ಕೆಂಪು ಸೆರಗನ್ನು ಹತ್ತಿರದಿಂದ ತೋರಿಸುವ ಚಿತ್ರವೇ ಬಹುಪಾಲು ಹಣವನ್ನು ನುಂಗಿತು. ಖಣದ ಚಿತ್ರಕ್ಕೆ ಪರೀಕ್ಷೆ ಎನ್ನುವಷ್ಟೂ ಅವಕಾಶ ದೊರೆಯಲಿಲ್ಲ. ಹೊಸ ಚಿತ್ರವನ್ನು ಸೇರಿಸಿದರೂ, ಗುರಿಯ ಜನರನ್ನು ಬದಲಿಸಿದರೂ, ಏಳು ದಿನ ಅಥವಾ ಹೆಚ್ಚು ಕಾಲ ನಿಲ್ಲಿಸಿ ಮತ್ತೆ ಹಚ್ಚಿದರೂ ಕಲಿಕೆ ಮೊದಲಿನಿಂದ ಶುರುವಾಗುತ್ತದೆ. ಬಜೆಟ್ಟನ್ನು ಒಮ್ಮೆಲೇ ಬಹಳ ಏರಿಸಿದಾಗಲೂ ಹಾಗಾಗಬಹುದು. ಆದ್ದರಿಂದ ಬದಲಾವಣೆಗಳನ್ನೆಲ್ಲ ಕೂಡಿಟ್ಟು ಒಂದೇ ಸಲ ಮಾಡುವುದು ಒಳ್ಳೆಯದು. ಗಳಿಗೆಗೊಮ್ಮೆ ಫೋನ್ ತೆಗೆದು ಕೈಯಾಡಿಸುವವರಿಗೆ ಇದು ಕಷ್ಟವೇ.

ಇಷ್ಟು ಬಜೆಟ್ ಇಲ್ಲದವರು, ಉದಾಹರಣೆಗೆ ದಿನಕ್ಕೆ 500 ರೂಪಾಯಿ ಇರುವವರು, ಆರ್ಡರಿನ ಬದಲು ಕಾರ್ಟಿಗೆ ಸೇರಿಸುವುದನ್ನು ಗುರಿಯಾಗಿಸಿದರೆ 50ರ ಸಂಖ್ಯೆ ಬೇಗ ತುಂಬುತ್ತದೆ. ಆದರೆ ಸೀರೆಯನ್ನು ಕಾರ್ಟಿಗೆ ಹಾಕಿ ಕೊಳ್ಳದೇ ಹೋಗುವವರನ್ನೇ ವ್ಯವಸ್ಥೆ ಹುಡುಕಿ ತರುವ ಅಪಾಯ ಅದರಲ್ಲಿದೆ. ಸಗಟು ವ್ಯಾಪಾರಿಗಳಿಗೆ ಮಾತ್ರ ನಾನು ಈಗಲೂ ಬೇರೆ ಕ್ಯಾಂಪೇನ್ ಇಡುತ್ತೇನೆ, ಏಕೆಂದರೆ ಅಲ್ಲಿ ಬೇಕಾದದ್ದು ಆರ್ಡರ್ ಅಲ್ಲ, ವಾಟ್ಸಾಪ್‌ನಲ್ಲಿ ದರ ಕೇಳುವ ಸಂದೇಶ.