ಅಜ್ಜನನ್ನು ಜಗಲಿಯಲ್ಲಿ ಕೂರಿಸಿದ್ದು: ಡೆಪ್ತ್ ಮ್ಯಾಪ್, ನಾರ್ಮಲ್ ಮ್ಯಾಪ್ ಜೊತೆ ಒಂದೂವರೆ ವರ್ಷ

ನನ್ನದು ಸಣ್ಣ ಫೋಟೋ ಸ್ಟುಡಿಯೋ. ಮದುವೆ ಸೀಸನ್ ಮುಗಿದ ಕೂಡಲೇ ಒಂದು ಥರದ ಗಿರಾಕಿಗಳು ಬಂದೇ ಬರುತ್ತಾರೆ. ಕೈಯಲ್ಲಿ ಎರಡು ಫೋಟೋ. ಒಂದು ಮದುವೆಯ ದಿನ ಮನೆಯವರೆಲ್ಲ ನಿಂತು ತೆಗೆಸಿಕೊಂಡಿದ್ದು, ಇನ್ನೊಂದು ತೀರಿಹೋದ ಅಜ್ಜನದೋ ಅಪ್ಪನದೋ. "ಇವರನ್ನ ಇದರಲ್ಲಿ ಸೇರಿಸಿಕೊಡಿ ಸಾರ್."

ಕತ್ತರಿಸಿ ಅಂಟಿಸುವುದು ಕಷ್ಟವಲ್ಲ, ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇನೆ. ಅಂಟಿಸಿದವರ ಮೇಲೆ ಆ ಜಾಗದ ಬೆಳಕು ಬೀಳುವ ಹಾಗೆ ಮಾಡುವುದೇ ಕಷ್ಟ. ಮೊದಲು ಬ್ರಷ್ ಹಿಡಿದು ಒಂದು ಕೆನ್ನೆ ಕಪ್ಪು, ಒಂದು ಕೆನ್ನೆ ಬಿಳಿ ಮಾಡುತ್ತಾ ಮೂರು ಗಂಟೆ ಕೂರುತ್ತಿದ್ದೆ. ಒಂದೂವರೆ ವರ್ಷದಿಂದ ಎರಡು ಉಚಿತ ಎಐ ಮಾಡೆಲ್ ಬಳಸುತ್ತಿದ್ದೇನೆ: ಡೆಪ್ತ್ ಮ್ಯಾಪಿಗೆ ಡೆಪ್ತ್ ಎನಿಥಿಂಗ್ ವಿ2, ನಾರ್ಮಲ್ ಮ್ಯಾಪಿಗೆ ಮ್ಯಾರಿಗೋಲ್ಡ್. ಬೆಳಕಿನ ಲೆಕ್ಕಕ್ಕೆ ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್, ಉಳಿದದ್ದಕ್ಕೆ ಫೋಟೋ ತಿದ್ದುವ ಜಿಂಪ್. ಈಗ ಒಂದು ಫೋಟೋಗೆ ಮುಕ್ಕಾಲು ಗಂಟೆ ಸಾಕು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ಎರಡೂ ಮ್ಯಾಪ್ ಒಂದೇ ಕೆಲಸ ಮಾಡುವುದಿಲ್ಲ. ಕ್ಯಾಮೆರಾದಿಂದ ಯಾವುದು ಹತ್ತಿರ, ಯಾವುದು ದೂರ ಅಂತ ಡೆಪ್ತ್ ಮ್ಯಾಪ್ ಹೇಳುತ್ತದೆ. ಈ ಮಾಡೆಲಿನಲ್ಲಿ ಹತ್ತಿರದ್ದು ಬೆಳ್ಳಗೆ, ದೂರದ್ದು ಕಪ್ಪಗೆ. ಇದು ಮೀಟರಿನ ಲೆಕ್ಕವಲ್ಲ, ಹೋಲಿಕೆ ಅಷ್ಟೇ. ನಾರ್ಮಲ್ ಮ್ಯಾಪ್ ಹೇಳುವುದು ಬೇರೆ: ಚರ್ಮದ, ಬಟ್ಟೆಯ ಪ್ರತಿಯೊಂದು ಚುಕ್ಕೆ ಯಾವ ಕಡೆ ಮುಖ ಮಾಡಿದೆ ಅಂತ. ಕ್ಯಾಮೆರಾ ಕಡೆ ತಿರುಗಿದ ಭಾಗ ತಿಳಿ ನೇರಳೆ, ಬಲಕ್ಕೆ ತಿರುಗಿದ್ದು ಗುಲಾಬಿ, ಮೇಲಕ್ಕೆ ತಿರುಗಿದ್ದು ಹಸಿರು ಛಾಯೆ. ಬೆಳಕು ಎಷ್ಟು ಬೀಳಬೇಕು ಅಂತ ನಿರ್ಧಾರವಾಗುವುದು ಇದರಿಂದ. ಅವರು ಯಾರ ಹಿಂದೆ, ಯಾರ ಮುಂದೆ ಕೂರಬೇಕು ಅನ್ನುವುದು ಡೆಪ್ತಿನಿಂದ.

ಶುರುವಿನಲ್ಲಿ ನಾನು ಡೆಪ್ತ್ ಮ್ಯಾಪ್ ಒಂದರಿಂದಲೇ ಎಲ್ಲ ಮಾಡಲು ಹೊರಟಿದ್ದೆ. ಡೆಪ್ತ್ ಎಷ್ಟು ಬೇಗ ಬದಲಾಗುತ್ತದೆ ಅಂತ ನೋಡಿದರೆ ಇಳಿಜಾರು ಗೊತ್ತಾಗುತ್ತದೆ, ಇಳಿಜಾರಿನಿಂದ ನಾರ್ಮಲ್ ಸಿಗುತ್ತದೆ. ಲೆಕ್ಕ ಸರಿಯೇ. ಆದರೆ ನಾನು ಉಳಿಸಿದ್ದು ಮಾಮೂಲಿ 8 ಬಿಟ್ ಪಿಎನ್‌ಜಿ. ಅದರಲ್ಲಿ ಇರುವುದೇ 256 ಮೆಟ್ಟಿಲು, ಅದೂ ಇಡೀ ಚಿತ್ರಕ್ಕೆ. ಅಜ್ಜನ ಮುಖಕ್ಕೆ ಹತ್ತೋ ಹನ್ನೆರಡೋ ಸಿಕ್ಕಿರಬೇಕು. ಬೆಳಕು ಹಾಕಿದರೆ ಕೆನ್ನೆ ಮೇಲೆ ಗದ್ದೆಯ ಬದುಗಳ ಹಾಗೆ ಸಾಲು ಸಾಲು ಗೆರೆ. 16 ಬಿಟ್‌ನಲ್ಲಿ ಉಳಿಸಿದ ಮೇಲೆ ಗೆರೆ ಹೋಯಿತು, ಪಂಚೆಯ ನೆರಿಗೆ ಮಾತ್ರ ಕಾಣಲೇ ಇಲ್ಲ. ಆಗ ನಾರ್ಮಲ್‌ಗೆ ಬೇರೆ ಮಾಡೆಲ್ ಹಿಡಿದೆ.

ಒಂದು ಫೋಟೋ ಕಥೆ ಪೂರ್ತಿ ಹೇಳುತ್ತೇನೆ. ಮಲೆನಾಡಿನ ಹಳೇ ಮನೆ, ಜಗಲಿಯಲ್ಲಿ ಹನ್ನೊಂದು ಜನ. ಬೆಳಕು ಎಡಗಡೆ ಅಂಗಳದಿಂದ ಬರುತ್ತಿದೆ, ನೆಲ ಕೆಂಪು ಗಾರೆ. ಅಜ್ಜನ ಫೋಟೋ ಸ್ಟುಡಿಯೋದಲ್ಲಿ ತೆಗೆದದ್ದು. ಕುರ್ಚಿ ಮೇಲೆ ಕೂತಿದ್ದಾರೆ, ಕ್ಯಾಮೆರಾ ಪಕ್ಕದ ಅಂಬ್ರೆಲಾ ಫ್ಲ್ಯಾಶ್ ಎದುರಿಂದ ಬಿದ್ದಿದೆ. ಫೋಟೋದಲ್ಲಿ ಅಜ್ಜಿಯ ಬಲಬದಿಗೆ ಕೂರಿಸಿ, ಬಣ್ಣ ಹೊಂದಿಸಿ, ಒಂದು ಪ್ರಿಂಟ್ ತೆಗೆದು ತೋರಿಸಿದೆ. ಮದುಮಗನ ಸೋದರತ್ತೆ ನೋಡಿದವರೇ, "ಅಪ್ಪಯ್ಯನ್ನ ಕ್ಯಾಲೆಂಡರಿಂದ ಕತ್ತರಿಸಿ ಅಂಟಿಸಿದ ಹಾಗೆ ಉಂಟಲ್ಲ ಮಾರಾಯ್ರೇ" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಉಳಿದವರಿಗೆಲ್ಲ ಒಂದು ಕೆನ್ನೆ ಬೆಳಕು, ಒಂದು ಕೆನ್ನೆ ನೆರಳು. ಅಜ್ಜನಿಗೆ ಎರಡೂ ಒಂದೇ.

ಬೆಳಕು ಎಷ್ಟು ಹಾಕಬೇಕು ಅಂತ ಊಹೆ ಮಾಡಬೇಕಿಲ್ಲ, ಪಕ್ಕದಲ್ಲಿ ನಿಂತವರ ಮುಖದಲ್ಲೇ ಬರೆದಿರುತ್ತದೆ. ಕಪ್ಪು 0, ಬಿಳಿ 255 ಅನ್ನುವ ಲೆಕ್ಕದಲ್ಲಿ ಅಜ್ಜಿಯ ಬೆಳಕಿನ ಕೆನ್ನೆ 200, ನೆರಳಿನ ಕೆನ್ನೆ 130 ತೋರಿಸಿತು. ಭಾಗಿಸಿದರೆ ಒಂದೂವರೆ ಪಟ್ಟು ಚಿಲ್ಲರೆ. ಬಹಳ ದಿನ ನಾನು ಇದನ್ನೇ ನಂಬಿದ್ದೆ, ಫೋಟೋಗಳೆಲ್ಲ ಸಪ್ಪೆ ಬರುತ್ತಿದ್ದವು. ಜೆಪಿಇಜಿಯ ಅಂಕಿ ಬೆಳಕಿನ ಅಳತೆ ಅಲ್ಲ, ಕಣ್ಣಿಗೆ ಹೊಂದುವ ಹಾಗೆ ಬಗ್ಗಿಸಿದ ಅಂಕಿ. ಅದನ್ನು ನೇರ ಮಾಡಿದರೆ, ಅಂದರೆ ಲೀನಿಯರ್‌ಗೆ ತಂದರೆ, ಪೂರ್ತಿ ಬಿಳಿಯನ್ನು 1 ಅಂತ ಹಿಡಿದಾಗ 200 ಅಂದರೆ ಸುಮಾರು 0.58, 130 ಅಂದರೆ 0.22. ನಿಜವಾದ ವ್ಯತ್ಯಾಸ 2.6 ಪಟ್ಟು! ಗುಣಿಸುವುದು, ಭಾಗಿಸುವುದು ಎಲ್ಲ ಲೀನಿಯರ್‌ನಲ್ಲೇ ಆಗಬೇಕು. ಕೊನೆಗೆ ಮತ್ತೆ ಮಾಮೂಲಿಗೆ ತಂದು ಉಳಿಸಬೇಕು.

ಇನ್ನೊಂದು ವಿಷಯ. ಅಜ್ಜನ ಫೋಟೋದಲ್ಲಿ ಆಗಲೇ ಒಂದು ಬೆಳಕಿದೆ. ಅದರ ಮೇಲೆ ಹೊಸದನ್ನು ಸುರಿದರೆ ಎರಡು ಬೆಳಕು ಸೇರಿ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಮೊದಲು ಹಳೆಯದನ್ನು ತೆಗೆಯಬೇಕು. ಎದುರಿನ ಫ್ಲ್ಯಾಶ್ ಆದ್ದರಿಂದ ಇದು ಸುಲಭ: ಕ್ಯಾಮೆರಾ ಕಡೆ ಎಷ್ಟು ತಿರುಗಿದೆಯೋ ಅಷ್ಟು ಬೆಳಕು. ಹಾಗಾಗಿ ಹೊಸ ಬೆಳಕನ್ನು ಹಳೆಯದರಿಂದ ಭಾಗಿಸಿ, ಬಂದದ್ದನ್ನು ಫೋಟೋಗೆ ಗುಣಿಸುತ್ತೇನೆ. ಕೆಳಗೆ `N` ಅಂದರೆ 0ಯಿಂದ 1ರ ಅಂಕಿಗೆ ತಂದ ನಾರ್ಮಲ್ ಮ್ಯಾಪ್, `img_lin` ಅಂದರೆ ಲೀನಿಯರ್‌ಗೆ ತಂದ ಅಜ್ಜನ ಫೋಟೋ.

```python
n = N * 2 - 1                      # x ಬಲಕ್ಕೆ, y ಮೇಲಕ್ಕೆ, z ಕ್ಯಾಮೆರಾ ಕಡೆಗೆ
old = 0.35 + 0.65 * np.clip(n[..., 2], 0, 1)
key = np.clip((n * [-0.7, 0.4, 0.59]).sum(-1), 0, 1)
floor = np.clip(-n[..., 1], 0, 1)
red = np.array([1.0, 0.55, 0.45])
new = (0.35 + 0.70 * key)[..., None] + 0.15 * floor[..., None] * red
out = img_lin * np.clip(new / old[..., None], 0.45, 1.7)
```

ಮೂರನೇ ಸಾಲಿನ ಮೂರು ಅಂಕಿ ಬೆಳಕಿನ ದಿಕ್ಕು: ಎಡಕ್ಕೆ, ಸ್ವಲ್ಪ ಮೇಲಕ್ಕೆ, ಸ್ವಲ್ಪ ನಮ್ಮ ಕಡೆಗೆ. 0.35 ಸುತ್ತಲಿನ ಬೆಳಕು, 0.70 ಅಂಗಳದ್ದು. ಕೆನ್ನೆಗಳ ವ್ಯತ್ಯಾಸ 2.6ರ ಹತ್ತಿರ ಬರುವವರೆಗೆ ಈ ಎರಡನ್ನು ಹಿಂದೆ ಮುಂದೆ ಮಾಡಿದ್ದು. ಕೊನೆಯ ಸಾಲಿನ 0.45 ಮತ್ತು 1.7 ಬೇಲಿ ಇದ್ದ ಹಾಗೆ. ಅದಿಲ್ಲದಿದ್ದರೆ ಕತ್ತಲೆಯ ಜಾಗ ಎತ್ತಿದಾಗ ಬರೀ ಕಾಳು ಕಾಳು.

`floor` ಅನ್ನುವ ಸಾಲು ಮೊದಲು ಇರಲಿಲ್ಲ. ಎಡದ ಬೆಳಕು ಹಾಕಿದ ಮೇಲೂ ಅಜ್ಜ ಯಾಕೋ ನೆಲಕ್ಕೆ ತಾಗದ ಹಾಗೆ ಕಾಣುತ್ತಿದ್ದರು. ಉಳಿದವರನ್ನು ದೊಡ್ಡದು ಮಾಡಿ ನೋಡಿದೆ. ಎಲ್ಲರ ಗದ್ದದ ಕೆಳಗೂ, ಪಂಚೆಯ ಮಡಿಕೆಯ ಅಡಿಗೂ ಒಂದು ಕೆಂಪು ಛಾಯೆ. ಗಾರೆ ನೆಲದಿಂದ ಪುಟಿದ ಬೆಳಕು! ಅಜ್ಜನ ಪಂಚೆ ಮಾತ್ರ ಸೋಪಿನ ಜಾಹೀರಾತಿನ ಬಿಳಿ. ಕೆಳಕ್ಕೆ ಮುಖ ಮಾಡಿದ ಭಾಗಗಳಿಗೆಲ್ಲ ಆ ಕೆಂಪನ್ನು ಒಂಚೂರು ಸೇರಿಸಿದೆ. ಎಡದ ಬೆಳಕಿಗಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಬ್ರಷ್ ಹಿಡಿದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಹಸಿರು ಚಾನೆಲ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ಟೂಲ್‌ಗಳಲ್ಲಿ ಮೇಲಕ್ಕೆ ತಿರುಗಿದ್ದು ಹಸಿರು, ಕೆಲವದರಲ್ಲಿ ಕೆಳಕ್ಕೆ ತಿರುಗಿದ್ದು. ಉಲ್ಟಾ ಆಗಿದೆಯೋ ಅಂತ ತಿಳಿಯಲು ಮೇಲಿನಿಂದ ಬೆಳಕು ಹಾಕಿ ನೋಡಿ. ಮೂಗಿನ ಅಡಿ ಬೆಳಗಿ ಹಣೆ ಕಪ್ಪಾದರೆ, ಟಾರ್ಚ್ ಕೆಳಗೆ ಹಿಡಿದು ಮಕ್ಕಳನ್ನು ಹೆದರಿಸುತ್ತೇವಲ್ಲ ಹಾಗೆ ಕಂಡರೆ, ಹಸಿರನ್ನು ತಿರುಗಿಸಿ.

ಮ್ಯಾರಿಗೋಲ್ಡ್ ಒಳಗೆ ಚಿತ್ರವನ್ನು ಉದ್ದದ ಕಡೆ 768 ಪಿಕ್ಸೆಲ್‌ಗೆ ಇಳಿಸಿಕೊಂಡು ಕೆಲಸ ಮಾಡುತ್ತದೆ. ಇಡೀ ಅಜ್ಜನನ್ನು ಕೊಟ್ಟರೆ ಮುಖಕ್ಕೆ ನೂರು ಪಿಕ್ಸೆಲ್ ಸಿಗುವುದೂ ಕಷ್ಟ. ಅದಕ್ಕೆ ಮುಖವನ್ನು ಬೇರೆ ಕ್ರಾಪ್ ಮಾಡಿ ಓಡಿಸಿ, ಕುತ್ತಿಗೆ ಹತ್ತಿರ ಎರಡನ್ನೂ ಮೆತ್ತಗೆ ಸೇರಿಸುತ್ತೇನೆ. ಪ್ರತಿ ಸಲ ಓಡಿಸಿದಾಗ ಉತ್ತರ ಚೂರು ಬೇರೆ ಬರುತ್ತದೆ. `ensemble_size` ಐದು ಇಟ್ಟರೆ ಐದು ಸಲ ಓಡಿಸಿ ಒಟ್ಟು ಸೇರಿಸಿ ಕೊಡುತ್ತದೆ. ನಿಧಾನ, ಆದರೆ ಮೀಸೆಯ ಸುತ್ತ ಗಲೀಜು ಕಮ್ಮಿ.

ಡೆಪ್ತ್ ಮ್ಯಾಪನ್ನು ಈಗ ನಾನು ಕೂರಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ. ಜಗಲಿಯ ಫೋಟೋಗೆ ಡೆಪ್ತ್ ತೆಗೆದು, ಅಜ್ಜನ ಕುರ್ಚಿಯ ಕಾಲು ನೆಲಕ್ಕೆ ತಾಗುವ ಜಾಗದ ಅಂಕಿ ನೋಡುತ್ತೇನೆ. ಅದೇ ಅಜ್ಜನ ಅಂಕಿ. ಅದಕ್ಕಿಂತ ಬೆಳ್ಳಗಿರುವುದೆಲ್ಲ ಅವರ ಮುಂದೆ ಇದೆ ಅಂತ ಅರ್ಥ. ಮುಂದಿನ ಸಾಲಿನ ಹಿತ್ತಾಳೆ ದೀಪದ ಕಂಬ ಹೀಗೆ ತಾನಾಗಿಯೇ ಅಜ್ಜನ ಮೊಣಕಾಲಿನ ಮುಂದೆ ಬಂತು. ಅಂಚು ಒರಟಾಗಿರುತ್ತದೆ, ಕೈಯಿಂದ ತಿದ್ದಬೇಕು. ನನ್ನ ಹಾಗೆ ದುಡ್ಡಿಗೆ ಕೆಲಸ ಮಾಡುವವರು ಲೈಸೆನ್ಸ್ ಗಮನಿಸಿ: ಡೆಪ್ತ್ ಎನಿಥಿಂಗ್ ವಿ2ರ ಸ್ಮಾಲ್ ಮಾಡೆಲಿಗೆ ಅಪಾಚೆ 2.0, ವ್ಯಾಪಾರಕ್ಕೆ ಬಳಸಬಹುದು. ಬೇಸ್, ಲಾರ್ಜ್ ವ್ಯಾಪಾರಕ್ಕಲ್ಲ. ಜನ ಎಲ್ಲಿ ನಿಂತಿದ್ದಾರೆ ಅಂತ ತಿಳಿಯಲು ಸ್ಮಾಲ್ ಧಾರಾಳ ಸಾಕು.

ಈಗ ಆ ಒಂದು ಅಂಕದ ವಿಚಾರ. ನಾರ್ಮಲ್ ಮ್ಯಾಪಿಗೆ ಅಡ್ಡ ನಿಂತವರು ಕಾಣುವುದಿಲ್ಲ. ಅಜ್ಜನ ಎಡಬದಿಯ ಭುಜ ಅಂಗಳದ ಕಡೆ ತಿರುಗಿದೆ, ಅದಕ್ಕೆ ಪೂರ್ತಿ ಬೆಳಕು ಕೊಟ್ಟಿತು. ಆದರೆ ಆ ಕಡೆ ಅಜ್ಜಿ ಕೂತಿದ್ದಾರಲ್ಲ! ಅವರ ನೆರಳು ಅಜ್ಜನ ಮೊಣಕೈ ಮೇಲೆ ಬೀಳಬೇಕು. ಮೂಗಿನ ನೆರಳು ಬಲಬದಿಯ ಕೆನ್ನೆಗೆ ಬೀಳಬೇಕು, ಕುರ್ಚಿಯದು ನೆಲಕ್ಕೆ. ಇವೆಲ್ಲ ಇವತ್ತಿಗೂ ನನ್ನ ಕೈ ಕೆಲಸವೇ. ಕಣ್ಣಿನೊಳಗಿನ ಬಿಳಿ ಚುಕ್ಕೆಯೂ ಅಷ್ಟೇ. ಎಲ್ಲರಿಗೂ ಅದು ಎಡಕ್ಕಿದ್ದರೆ ಅಜ್ಜನಿಗೆ ನಟ್ಟನಡುವೆ, ಫ್ಲ್ಯಾಶಿನದು. ಅಳಿಸಿ ಎಡಕ್ಕೆ ಇಟ್ಟೆ. ಕನ್ನಡಕದ ಗಾಜನ್ನು ಮಾಡೆಲ್ ಚರ್ಮ ಅಂದುಕೊಳ್ಳುವುದೂ ಉಂಟು, ಆ ಭಾಗಕ್ಕೆ ಹೊಸ ಬೆಳಕು ಹಾಕದೆ ಬಿಡುತ್ತೇನೆ.

ಭುಜದ ಮೇಲೆ ಸಣ್ಣ ಬಿಳಿ ಗೆರೆ ಬಂದರೆ ಅದು ಬೆಳಕಿನ ತಪ್ಪಲ್ಲ. ಕಟಿಂಗ್ ಎರಡು ಪಿಕ್ಸೆಲ್ ಹೊರಗೆ ಹೋಗಿ ಹಿಂದಿನ ಪರದೆ ಸೇರಿಕೊಂಡಿದೆ ಅಂತ. ಮಾಸ್ಕನ್ನು ಒಳಕ್ಕೆ ಎಳೆದರೆ ಹೋಗುತ್ತದೆ.

ಎರಡನೇ ಪ್ರಿಂಟ್ ತೋರಿಸಿದಾಗ ಸೋದರತ್ತೆ ಅಜ್ಜನ ಬಗ್ಗೆ ಏನೂ ಅನ್ನಲಿಲ್ಲ. ತಮ್ಮ ಸೆರಗು ಸರಿಯಾಗಿಲ್ಲ, ಅದನ್ನೂ ಸರಿ ಮಾಡಲು ಆಗುತ್ತಾ ಅಂತ ಕೇಳಿದರು.

ಇದರಿಂದ ಆಗದ ಫೋಟೋಗಳೂ ಇವೆ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೆದದ್ದಾದರೆ ಕಣ್ಣುಗುಳಿಯ ಕಪ್ಪು, ಮೂಗಿನ ಕೆಳಗಿನ ಗಟ್ಟಿ ನೆರಳು ಫೋಟೋದಲ್ಲೇ ಅಚ್ಚಾಗಿರುತ್ತದೆ. ಭಾಗಿಸಿದರೆ ಹೋಗುವುದಿಲ್ಲ, ಯಾಕೆಂದರೆ ಆ ನೆರಳು ಎಲ್ಲಿ ಬಿತ್ತು ಅಂತ ನಾರ್ಮಲ್‌ಗೆ ಗೊತ್ತೇ ಇಲ್ಲ. ಬಿಳಿ ಅಂಗಿ ಸುಟ್ಟುಹೋಗಿ 255 ಆಗಿದ್ದರೆ ಅಲ್ಲಿ ಬಟ್ಟೆಯೇ ಇಲ್ಲ, ಬೆಳಕು ಎಲ್ಲಿ ಹಾಕುವುದು? ಅದಕ್ಕೇ ಈಗ ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: "ಮೂಗಿನ ನೆರಳು ಗೆರೆ ಕೊರೆದ ಹಾಗೆ ಕಾಣ್ತದಾ ನೋಡಿ." ಹೌದು ಅಂದರೆ, ಮನೆಯ ಟ್ರಂಕಿನಲ್ಲಿ ಬೇರೆ ಫೋಟೋ ಹುಡುಕಿ ಅನ್ನುತ್ತೇನೆ. ಪಾಸ್‌ಪೋರ್ಟ್ ಸೈಜಿನದಾದರೂ ಪರವಾಗಿಲ್ಲ, ಎದುರು ಬೆಳಕಿನದು ಇರಲಿ.